ಡೆಸ್ಕಿನಿಂದ ಫೀಲ್ಡಿಗೆ: ಸಂಪಾದಕರಿಗೆ ಬರೆಯುವ ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಪತ್ರಿಕೆ ಕೆಲಸ ಮಾಡುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ಸರ್, ಡೆಸ್ಕಲ್ಲಿ ಕೂತು ಸಾಕಾಯ್ತು, ರಿಪೋರ್ಟಿಂಗಿಗೆ ಹೋಗ್ಬೇಕು. ಎಡಿಟರಿಗೆ ಲೆಟರ್ ಕೊಡೋಣ ಅಂತಿದ್ದೀನಿ, ಒಂದ್ಸಲ ನೋಡ್ತೀರಾ?" ನಾನೂ ಆರು ವರ್ಷ ಡೆಸ್ಕಲ್ಲಿ ಕೂತು ಬೇರೆಯವರ ಸುದ್ದಿ ತಿದ್ದಿ ಪುಟ ಕಟ್ಟಿದವನು. ಆಮೇಲೆ ಸಕಲೇಶಪುರದ ಕಡೆ ವರದಿ ಮಾಡಿದೆ, ಕೊನೆಗೆ ಬ್ಯೂರೊ ನೋಡಿಕೊಂಡೆ. ಇಂಥ ಪತ್ರ ಬರೆದಿದ್ದೇನೆ, ಓದಿದ್ದೇನೆ, ಒಂದೆರಡನ್ನು ಮೇಜಿನ ಡ್ರಾಯರಲ್ಲಿ ಹಾಕಿ ಮರೆತೂ ಇದ್ದೇನೆ. ಪ್ರತಿಯೊಬ್ಬರಿಗೂ ಫೋನಲ್ಲಿ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಪತ್ರ ಬರೆಯಲೇಬೇಕಾ? ಬಾಯಲ್ಲಿ ಕೇಳಿದ್ರೆ ಆಗಲ್ವಾ?

ಎರಡೂ ಬೇಕು. ಮೊದಲು ಬಾಯಲ್ಲಿ ಕೇಳಿ, ಆಮೇಲೆ ಪತ್ರ ಕೊಡಿ.

ಬಾಯಲ್ಲಿ ಕೇಳಿದ್ದು ಆವತ್ತಿನ ಪೇಜು ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ವರದಿಗಾರರ ಜಾಗ ಖಾಲಿಯಾಗುವುದು ನೀವು ಕೇಳಿದ ದಿನವಲ್ಲ, ನಾಲ್ಕೈದು ತಿಂಗಳು ಕಳೆದ ಮೇಲೆ. ಒಬ್ಬರು ಬೇರೆ ಪತ್ರಿಕೆಗೆ ಹೋಗುತ್ತಾರೆ, ಇನ್ನೊಬ್ಬರಿಗೆ ವರ್ಗ ಆಗುತ್ತದೆ. ಆಗ ಸಂಪಾದಕರು "ಯಾರೋ ಕೇಳಿದ್ರಲ್ಲ" ಅಂತ ನೆನಪು ಮಾಡಿಕೊಂಡರೆ ಕೈಗೆ ಸಿಗುವಂಥ ಒಂದು ಹಾಳೆ ಇರಬೇಕು. ಅಷ್ಟರಲ್ಲಿ ಸಂಪಾದಕರೇ ಬದಲಾಗಿದ್ದರಂತೂ ಆ ಹಾಳೆ ಬಿಟ್ಟರೆ ನಿಮ್ಮ ಹೆಸರು ಹೇಳುವವರೇ ಇರುವುದಿಲ್ಲ.

ಯಾರ ಹೆಸರಿಗೆ ಬರೆಯಬೇಕು?

ಸಂಪಾದಕರ ಹೆಸರಿಗೆ. ಆದರೆ ನಿಮ್ಮ ಡೆಸ್ಕಿನ ಮುಖ್ಯಸ್ಥರ ಕೈಯಿಂದ ಹೋಗಲಿ. ಹಾಸನದ ಪುಟಗಳನ್ನು ಕೆಲವು ಪತ್ರಿಕೆಗಳು ಹಾಸನದಲ್ಲೇ ಕಟ್ಟುತ್ತವೆ, ಕೆಲವು ಮೈಸೂರಲ್ಲೋ ಬೆಂಗಳೂರಲ್ಲೋ ಕಟ್ಟುತ್ತವೆ. ಎಲ್ಲಿ ಕಟ್ಟಿದರೂ ರಾತ್ರಿ ಪೇಜ್ ತಡವಾದಾಗ ಬೈಗುಳ ತಿನ್ನುವವರು ನಿಮ್ಮ ಮುಖ್ಯ ಉಪಸಂಪಾದಕರು. ಅವರನ್ನು ದಾಟಿ ನೇರ ಮೇಲಕ್ಕೆ ಮೇಲ್ ಹಾಕಿದರೆ, ಸಂಪಾದಕರು ಅದನ್ನು ಅವರಿಗೇ ಕಳಿಸಿ "ಏನಂತೀರಿ?" ಅನ್ನುತ್ತಾರೆ. ನಿಮ್ಮ ವಿಷಯ ಅವರಿಗೆ ಹಾಗೆ ಗೊತ್ತಾದರೆ ಏನನ್ನಬಹುದು, ನೀವೇ ಯೋಚಿಸಿ.

ಸಂಪಾದಕರು ಆ ಪತ್ರದಲ್ಲಿ ಮೊದಲು ಹುಡುಕೋದು ಏನನ್ನ?

ನಿಮ್ಮ ಆಸಕ್ತಿಯನ್ನಂತೂ ಅಲ್ಲ. ಫೀಲ್ಡಿಗೆ ಹೋಗುವ ಆಸಕ್ತಿ ಡೆಸ್ಕಿನಲ್ಲಿ ಯಾರಿಗಿಲ್ಲ ಹೇಳಿ. ಅವರ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ: ಇವಳು ಎದ್ದು ಹೋದರೆ ಆ ಕುರ್ಚಿಯಲ್ಲಿ ಕೂರುವವರು ಯಾರು?

ಒಂದು ಸಣ್ಣ ಜಿಲ್ಲಾ ಡೆಸ್ಕನ್ನೇ ತೆಗೆದುಕೊಳ್ಳಿ. ನಾಲ್ಕು ಪುಟ, ನಾಲ್ಕು ಜನ. ವಾರಕ್ಕೆ ಒಬ್ಬೊಬ್ಬರಿಗೆ ಒಂದು ರಜೆ ಅಂದರೆ ಏಳರಲ್ಲಿ ನಾಲ್ಕು ದಿನ ಮೂರೇ ಜನ ಇರುತ್ತಾರೆ. ಅವತ್ತು ಒಬ್ಬರು ಎರಡು ಪುಟ ನೋಡಬೇಕು. ಒಬ್ಬರು ಪೂರ್ತಿ ಬಿಟ್ಟುಹೋದರೆ ಮೂರು ದಿನ ಇಬ್ಬರೇ, ಉಳಿದ ನಾಲ್ಕು ದಿನ ಮೂವರು. ಆ ಇಬ್ಬರೇ ಇರುವ ದಿನ ಒಬ್ಬರಿಗೆ ಜ್ವರ ಬಂದರೆ ನಾಲ್ಕೂ ಪುಟ ಒಬ್ಬರ ತಲೆ ಮೇಲೆ. ತಾಲ್ಲೂಕಿನಿಂದ ಬರುವ ಕಾಪಿ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಅರ್ಧ ವಾಟ್ಸ್‌ಆ್ಯಪಿನಲ್ಲಿ, ಫೋಟೊಗೆ ಅಡಿಬರಹ ಇಲ್ಲದೆ, "ಗಣ್ಯರು ಉಪಸ್ಥಿತರಿದ್ದರು" ಅಂತ ಮುಗಿದಿರುತ್ತದೆ. ಅದನ್ನು ಒಂಬತ್ತೂವರೆಗೆ ಕೈಗೆತ್ತಿಕೊಂಡು ಹತ್ತೂಕಾಲಿಗೆ ಪೇಜ್ ಬಿಡುವವರನ್ನು ತಯಾರು ಮಾಡಲು ಕಡಿಮೆ ಅಂದರೂ ಎಂಟು ತಿಂಗಳು ಬೇಕು.

ಅದಕ್ಕೇ ಒಳ್ಳೇ ಡೆಸ್ಕಿನವರನ್ನೇ ಬಿಡುವುದಿಲ್ಲ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತಿತ್ತು. ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಶಿಕ್ಷೆ ಅನ್ನುವ ಹಾಗೆ. ಆದರೆ ಸಂಪಾದಕರ ಕಡೆಯಿಂದ ಅದು ಬರೀ ಲೆಕ್ಕ. ಆ ಲೆಕ್ಕಕ್ಕೆ ನಿಮ್ಮ ಪತ್ರದಲ್ಲಿ ಉತ್ತರ ಇದ್ದರೆ ಅವರು ಮುಂದೆ ಓದುತ್ತಾರೆ.

ನಾನು ಇದುವರೆಗೆ ವರದಿಯನ್ನೇ ಮಾಡಿಲ್ಲ. ಏನು ತೋರಿಸಲಿ?

ಈ ಪುಟದಲ್ಲಿ ಜಾಸ್ತಿ ಜಾಗ ಈ ಪ್ರಶ್ನೆಗೇ. ಒಂದು ವರದಿ ಮಾಡಿ ಪತ್ರದ ಜೊತೆ ಲಗತ್ತಿಸಿ. ವಿಷಯ ಎಲ್ಲಿಂದ ತರುವುದು ಅಂದರೆ, ಡೆಸ್ಕಿನವರಿಗೆ ಮಾತ್ರ ಕಾಣುವ ಜಾಗದಿಂದ.

ಬೇಲೂರಿನ ವರದಿಗಾರರಿಗೆ ಬೇಲೂರು ಗೊತ್ತು, ಅರಸೀಕೆರೆಯವರಿಗೆ ಅರಸೀಕೆರೆ. ಜಿಲ್ಲೆಯ ಎಂಟೂ ತಾಲ್ಲೂಕಿನ ಕಾಪಿ ದಿನಾ ಒಂದೇ ಕಣ್ಣಿನ ಕೆಳಗೆ ಹಾದುಹೋಗುವುದು ಡೆಸ್ಕಿನಲ್ಲಿ. ಯಾವ ಸುದ್ದಿ ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆ, ಯಾವ ಸುದ್ದಿಗೆ ಮುಂದಿನ ಕಂತು ಬರುವುದೇ ಇಲ್ಲ ಅನ್ನುವುದು ಅಲ್ಲಿ ಕೂತವರಿಗೆ ಚೆನ್ನಾಗಿ ಕಾಣುತ್ತದೆ.

ನಮ್ಮ ಡೆಸ್ಕಿನಲ್ಲಿದ್ದ ಒಬ್ಬ ಹುಡುಗಿ ಇದನ್ನು ಹೇಗೆ ಮಾಡಿದಳು ಅಂತ ಹೇಳುತ್ತೇನೆ. ಎರಡೂವರೆ ವರ್ಷದಿಂದ ಮೂರನೇ ಪುಟ ನೋಡುತ್ತಿದ್ದಳು.

ಹಾಸನ ಜಿಲ್ಲೆಯಲ್ಲಿ ಮುಂಗಾರಿಗೆ ಆಲೂಗಡ್ಡೆ ಹಾಕುತ್ತಾರೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಮೇನಲ್ಲಿ ಮಾರಾಟ ಶುರುವಾದಾಗ ಡೆಸ್ಕಿಗೆ ಒಂದು ಪತ್ರಿಕಾ ಪ್ರಕಟಣೆ ಬರುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಬೇರೆ ಬೇರೆ ತಾಲ್ಲೂಕಿನಿಂದ "ಬಿತ್ತನೆ ಗಡ್ಡೆ ಕಳಪೆ, ರೈತರ ದೂರು" ಅನ್ನುವ ಸಿಂಗಲ್ ಕಾಲಂ ಸುದ್ದಿಗಳು. ಅಲ್ಲಿಗೆ ಮುಗಿಯಿತು. ಇವಳು ಮೂರು ವರ್ಷದ ಹಳೇ ಫೈಲ್ ತೆಗೆದು ನೋಡಿದಳು. ಅಂಥ ಏಳು ಸುದ್ದಿ ಸಿಕ್ಕವು. ಏಳರಲ್ಲಿ ಒಂದರಲ್ಲೂ ರೈತರ ಹತ್ತಿರ ಖರೀದಿ ಬಿಲ್ ಇತ್ತೋ ಇಲ್ಲವೋ ಅನ್ನುವ ಮಾತೇ ಇಲ್ಲ. ಅದರಲ್ಲಿ ಕೆಲವನ್ನು ತಾನೇ ತಿದ್ದಿ ಪೇಜಿಗೆ ಹಾಕಿದವಳು, ಆಗ ತನಗೂ ಹೊಳೆದಿರಲಿಲ್ಲ ಅಂತ ನಕ್ಕಳು.

ಮೇ ಕೊನೆಯ ಒಂದು ಗುರುವಾರ, ಅವಳ ವಾರದ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೆ ಜಿಲ್ಲೆಯ ಒಂದು ಎಪಿಎಂಸಿ ಅಂಗಳಕ್ಕೆ ಹೋದಳು. ಲಾರಿಯಿಂದ ಐವತ್ತು ಕೆಜಿ ಚೀಲಗಳು ಇಳಿಯುತ್ತಿದ್ದವು. ಒಬ್ಬ ಅಜ್ಜ ಚೀಲದ ಬಾಯಿಂದ ಒಂದು ಗಡ್ಡೆ ತೆಗೆದು ಹೆಬ್ಬೆರಳಿನಲ್ಲಿ ಒತ್ತಿದ, ಚಾಕುವಿನಲ್ಲಿ ಸೀಳಿದ, ಗಡ್ಡೆಯ ಕಣ್ಣಿನ ಹತ್ತಿರ ಮೊಳಕೆ ಬಿಳಿಯಾಗಿ ಮುಖ ತೋರಿಸಿದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿದ. "ಇದೆಲ್ಲಿ ಹುಟ್ಟುತ್ತವ್ವ, ಇನ್ನೂ ನಿದ್ದೇಲೈತೆ" ಅಂತ ಅದನ್ನು ಅವಳ ಕೈಗೆ ಕೊಟ್ಟ. ಶೀತಲಗೃಹದಿಂದ ಬಂದ ಗಡ್ಡೆಯನ್ನು ಒಂದಷ್ಟು ದಿನ ನೆರಳಿನಲ್ಲಿ ಹರಡಿ ಮೊಳಕೆ ಬರಿಸಿ, ಆಮೇಲೆ ಕಣ್ಣು ಉಳಿಯುವ ಹಾಗೆ ಕತ್ತರಿಸಿ ನೆಡಬೇಕು. ಆತುರಕ್ಕೆ ಹಾಗೇ ಕತ್ತರಿಸಿ ನೆಟ್ಟು ಮೇಲೆ ಮಳೆ ಹಿಡಿದರೆ ಮಣ್ಣಿನಲ್ಲೇ ಕೊಳೆಯುತ್ತದೆ. ಆಗ ಗಡ್ಡೆ ಕಳಪೆಯಾಗಿತ್ತೋ, ನೆಟ್ಟಿದ್ದು ತಪ್ಪೋ, ಅಂಗಮಾರಿ ರೋಗ ಬಂತೋ ಅಂತ ಹೇಳುವುದು ಕಷ್ಟ. ಇಷ್ಟೂ ಅವಳಿಗೆ ಅಂಗಳದಲ್ಲಿ ನಿಂತಾಗ ಗೊತ್ತಾಗಿದ್ದು, ಪ್ರಕಟಣೆಯಲ್ಲಿ ಇದ್ದದ್ದಲ್ಲ.

ಆಮೇಲೆ ಅವಳು ಮಾಡಿದ್ದು ಬಹಳ ಸರಳ ಕೆಲಸ. ಚೀಲ ಕೊಂಡು ಟೆಂಪೊಗೆ ಹಾಕುತ್ತಿದ್ದ ಹದಿನಾಲ್ಕು ಜನರನ್ನು ಒಂದೇ ಪ್ರಶ್ನೆ ಕೇಳಿದಳು: "ಬಿಲ್ ಕೊಟ್ರಾ? ತೋರಿಸ್ತೀರಾ?" ಮೂವರ ಹತ್ತಿರ ಅಚ್ಚಾದ ಬಿಲ್ ಇತ್ತು. ಒಂಬತ್ತು ಜನರ ಹತ್ತಿರ ಇದ್ದದ್ದು ಚೀಟಿ. ಅದರಲ್ಲಿ ಚೀಲದ ಸಂಖ್ಯೆ, ಒಟ್ಟು ದುಡ್ಡು ಅಷ್ಟೇ. ಅಂಗಡಿ ಹೆಸರಿಲ್ಲ, ತಳಿ ಹೆಸರಿಲ್ಲ, ತಾರೀಖೂ ಇಲ್ಲ. ಇಬ್ಬರ ಹತ್ತಿರ ಏನೂ ಇರಲಿಲ್ಲ. ಒಂದು ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬಿತ್ತನೆ ಬೇಕು, ಅಂದರೆ ಹನ್ನೆರಡರಿಂದ ಹದಿನಾರು ಚೀಲ. ಅಷ್ಟು ದುಡ್ಡಿನ ಮಾಲು ಒಂದು ತುಂಡು ಕಾಗದದ ಮೇಲೆ ಹೋಗುತ್ತಿತ್ತು. ಬೀಜ ಕಳಪೆಯಾದರೆ ರೈತ ಗ್ರಾಹಕರ ಆಯೋಗಕ್ಕೆ ಹೋಗಬಹುದು, ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ಯಾರ ಹತ್ತಿರ ಕೊಂಡೆ ಅನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಅಲ್ಲಿ ನಿಂತು ಏನು ಹೇಳುವುದು? ಆಗಸ್ಟಿನ ಆ ಸಿಂಗಲ್ ಕಾಲಂ ಸುದ್ದಿಗಳು ಯಾಕೆ ಮುಂದಕ್ಕೆ ಹೋಗುತ್ತಿರಲಿಲ್ಲ ಅನ್ನುವುದಕ್ಕೆ ಉತ್ತರ ಮೇ ತಿಂಗಳ ಚೀಟಿಯಲ್ಲಿತ್ತು.

ಹದಿನಾಲ್ಕು ಜನ ಜಿಲ್ಲೆಯ ಲೆಕ್ಕ ಆಗುವುದಿಲ್ಲ. ಅವಳು ಅದನ್ನು ಹಾಗೆ ಬರೆಯಲೂ ಇಲ್ಲ. "ಆ ಬೆಳಿಗ್ಗೆ ಮಾತಾಡಿಸಿದ ಹದಿನಾಲ್ಕು ಮಂದಿಯಲ್ಲಿ" ಅಂತ ಬರೆದಳು. ಈ ಒಂದು ವಾಕ್ಯ ನೋಡಿಯೇ ಇವಳನ್ನು ಫೀಲ್ಡಿಗೆ ಕಳಿಸಬಹುದು ಅಂತ ನನಗೆ ಅನ್ನಿಸಿದ್ದು.

ಆ ವರದಿಯಲ್ಲಿ ತಪ್ಪೇ ಇರಲಿಲ್ವಾ?

ಇತ್ತು. ಮೊದಲ ಕಾಪಿಯಲ್ಲಿ ವರ್ತಕರ ಮಾತೇ ಇರಲಿಲ್ಲ. ಕೇಳಲು ಮುಜುಗರ ಆಯಿತಂತೆ. ಡೆಸ್ಕಿನವರಿಗೆ ಇದು ಸಾಮಾನ್ಯ. ಕಾಗದದ ಜೊತೆ ಜಗಳ ಆಡಿ ಅಭ್ಯಾಸ, ಮನುಷ್ಯರ ಜೊತೆ ಇಲ್ಲ. ವಾಪಸ್ ಕಳಿಸಿದೆ. ಮರುದಿನ ಹೋಗಿ ಇಬ್ಬರು ವರ್ತಕರನ್ನು ಕೇಳಿಕೊಂಡು ಬಂದಳು. "ಕೇಳಿದವರಿಗೆ ಕೊಡ್ತೀವಿ, ಅವರೇ ಕೇಳಲ್ಲ" ಅಂತ ಒಬ್ಬರು, "ಸಾಲಕ್ಕೆ ಕೊಟ್ಟಿರ್ತೀವಿ, ದುಡ್ಡು ಬಂದ ಮೇಲೆ ಬಿಲ್" ಅಂತ ಇನ್ನೊಬ್ಬರು. ಈ ಎರಡನೇ ಮಾತು ಬಂದ ಮೇಲೆ ವರದಿಗೆ ಬೇರೆಯೇ ತೂಕ ಬಂತು. ಸಾಲಕ್ಕೆ ಗಡ್ಡೆ ತಂದವನು ಬಿಲ್ ಕೊಡಿ ಅಂತ ಜೋರು ಮಾಡಲು ಆಗುತ್ತದಾ?

ಇನ್ನೊಂದು ತಪ್ಪು ಊರಿನ ಹೆಸರು. ಒಬ್ಬ ರೈತರ ಊರು ಬರೆದಿದ್ದಳು, ಹೋಬಳಿ ಬರೆದಿರಲಿಲ್ಲ. ಅದೇ ಹೆಸರಿನ ಊರು ಇನ್ನೊಂದು ತಾಲ್ಲೂಕಿನಲ್ಲೂ ಇದೆ. ನಮ್ಮ ಕಡೆ ಕೊಪ್ಪಲು, ಹಳ್ಳಿ, ಕಾವಲುಗಳ ಹೆಸರಿನಲ್ಲಿ ಈ ಗೊಂದಲ ಜಾಸ್ತಿ. ಊರಿನ ಜೊತೆ ಹೋಬಳಿಯನ್ನೂ ಬರೆದುಕೊಳ್ಳಿ, ಮತ್ತೆ ಫೋನ್ ಮಾಡುವುದು ತಪ್ಪುತ್ತದೆ.

ಸರಿ, ಪತ್ರ ಹೇಗಿರಬೇಕು? ಒಂದು ಮಾದರಿ ಕೊಡ್ತೀರಾ?

ಅವಳ ಮೊದಲ ಕರಡು ಹೀಗೆ ಶುರುವಾಗಿತ್ತು: "ಬಾಲ್ಯದಿಂದಲೂ ಪತ್ರಿಕೋದ್ಯಮದಲ್ಲಿ ಅಪಾರ ಆಸಕ್ತಿ ಹೊಂದಿರುವ ನಾನು, ಸಮಾಜದ ಅಂಕುಡೊಂಕುಗಳನ್ನು ತಿದ್ದುವ ಸದುದ್ದೇಶದಿಂದ..." ದಿನಾ ಬೇರೆಯವರ ಕಾಪಿಯಲ್ಲಿ ಇಂಥ ಸಾಲಿಗೆ ಕತ್ತರಿ ಹಾಕುವವಳು ತನ್ನ ಪತ್ರ ಬರೆಯುವಾಗ ಅದನ್ನೇ ಬರೆದಿದ್ದಳು. ಕೆಳಗೆ "ಡೆಸ್ಕಿನಲ್ಲಿ ನನ್ನ ಪ್ರತಿಭೆಗೆ ತಕ್ಕ ಅವಕಾಶ ಸಿಗುತ್ತಿಲ್ಲ" ಅಂತ ಬೇರೆ. ಅದನ್ನು ಓದುವ ಸಂಪಾದಕರೂ ಡೆಸ್ಕಿನಿಂದಲೇ ಬಂದವರು ಅಂತ ಮರೆತಿದ್ದಳು.

ಕೊನೆಗೆ ಕೊಟ್ಟದ್ದು ಇದು. ಗುರುತು ಸಿಗುವಂಥದ್ದನ್ನು ತೆಗೆದಿದ್ದೇನೆ, ಅವಳ ಒಪ್ಪಿಗೆ ಇದೆ.

> ಮಾನ್ಯ ಸಂಪಾದಕರಿಗೆ,
>
> (ಮುಖ್ಯ ಉಪಸಂಪಾದಕರ ಮೂಲಕ)
>
> ವಿಷಯ: ಡೆಸ್ಕಿನಿಂದ ವರದಿಗಾರಿಕೆಗೆ ಬದಲಾವಣೆ ಕೋರಿ
>
> ಸರ್, ಹಾಸನ ಆವೃತ್ತಿಯ ಡೆಸ್ಕಿನಲ್ಲಿ ಎರಡೂವರೆ ವರ್ಷದಿಂದ ಉಪಸಂಪಾದಕಿಯಾಗಿದ್ದೇನೆ. ಮೂರನೇ ಪುಟ ಮತ್ತು ಭಾನುವಾರದ ಕೃಷಿ ಪುಟ ನನ್ನ ಜವಾಬ್ದಾರಿ. ಜಿಲ್ಲಾ ಬ್ಯೂರೊದಲ್ಲಿ ವರದಿಗಾರರ ಸ್ಥಾನ ಖಾಲಿಯಾದಾಗ ನನ್ನನ್ನು ಪರಿಗಣಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕೃಷಿ, ಮಾರುಕಟ್ಟೆ ಮತ್ತು ಜಿಲ್ಲಾ ಪಂಚಾಯಿತಿ ನನಗೆ ಪರಿಚಯವಿರುವ ವಿಷಯಗಳು. ಬೇರೆ ಯಾವುದನ್ನು ಕೊಟ್ಟರೂ ಮಾಡುತ್ತೇನೆ.
>
> ಕಳೆದ ಎರಡು ತಿಂಗಳಲ್ಲಿ ವಾರದ ರಜೆಯಲ್ಲಿ ಮಾಡಿದ ಮೂರು ವರದಿಗಳನ್ನು ಲಗತ್ತಿಸಿದ್ದೇನೆ. ಒಂದು ಪ್ರಕಟವಾಗಿದೆ. ಎರಡನೆಯದು ಅಧಿಕಾರಿಯ ಹೇಳಿಕೆ ಸಿಗದೆ ನಿಂತಿದೆ. ಮೂರನೆಯದನ್ನು ಸುದ್ದಿ ಸಂಪಾದಕರು ಬೇಡವೆಂದರು, ಅವರು ಕೊಟ್ಟ ಕಾರಣವನ್ನು ಕಾಪಿಯ ಮೇಲೆ ಬರೆದಿದ್ದೇನೆ.
>
> ಮೂರನೇ ಪುಟದ ವಿಚಾರ: ನನ್ನ ರಜೆಯ ದಿನ ಆ ಪುಟವನ್ನು ತರಬೇತಿಯಲ್ಲಿರುವ ಸಹೋದ್ಯೋಗಿ ಎರಡು ತಿಂಗಳಿಂದ ಕಟ್ಟುತ್ತಿದ್ದಾರೆ. ಕಳೆದ ಐದು ವಾರದಲ್ಲಿ ನಾಲ್ಕು ಬಾರಿ ಸಮಯಕ್ಕೆ ಪುಟ ಬಿಟ್ಟಿದ್ದಾರೆ. ಬದಲಾವಣೆಯಾದ ಮೇಲೂ ಮೊದಲ ಎರಡು ತಿಂಗಳು ಶುಕ್ರವಾರ ಮತ್ತು ಶನಿವಾರ ಸಂಜೆ ಆರರ ನಂತರ ಡೆಸ್ಕಿನಲ್ಲಿರುತ್ತೇನೆ. ಕೃಷಿ ಪುಟವನ್ನು ಆರು ತಿಂಗಳು ನಾನೇ ಮುಂದುವರಿಸುತ್ತೇನೆ.
>
> ಮೂರು ತಿಂಗಳ ಪ್ರಯೋಗಕ್ಕೆ ಕಳಿಸಿದರೂ ಸಾಕು. ಕೆಲಸ ಒಪ್ಪಿಗೆಯಾಗದಿದ್ದರೆ ಡೆಸ್ಕಿಗೆ ಮರಳುತ್ತೇನೆ. ತಾವು ಹೇಳಿದ ದಿನ ಬಂದು ಮಾತಾಡಲು ಸಿದ್ಧಳಿದ್ದೇನೆ.
>
> ತಮ್ಮ ವಿಶ್ವಾಸಿ

ಒಂದೇ ಪುಟ. ಮೂರನೇ ಪ್ಯಾರಾ ನೋಡಿ. ಐದರಲ್ಲಿ ನಾಲ್ಕು ಸಲ ಅಂತ ಬರೆದಳೇ ಹೊರತು "ಸಮರ್ಥವಾಗಿ ನಿರ್ವಹಿಸುತ್ತಿದ್ದಾರೆ" ಅಂತ ಬರೆಯಲಿಲ್ಲ. ಆ ಐದನೇ ಸಲ ಪೇಜು ಇಪ್ಪತ್ತು ನಿಮಿಷ ತಡವಾಗಿದ್ದು ಸಂಪಾದಕರಿಗೂ ಗೊತ್ತಿತ್ತು. ಮುಚ್ಚಿಟ್ಟಿದ್ದರೆ ಉಳಿದ ನಾಲ್ಕನ್ನೂ ನಂಬುತ್ತಿರಲಿಲ್ಲ.

ಆ ಟ್ರೇನಿ ಹುಡುಗನಿಗೆ ಪತ್ರದ ವಿಷಯ ಮೊದಲೇ ಹೇಳಿದ್ದಳು. ನೀವೂ ಹೇಳಿ. ಅವನ ಹೆಗಲ ಮೇಲೆ ಕೆಲಸ ಹಾಕಿ ಅವನಿಗೇ ತಿಳಿಸದಿದ್ದರೆ ಚೆನ್ನಾಗಿರಲ್ಲ.

ಯಾವ ಬೀಟ್ ಕೇಳಬೇಕು? ನನಗೆ ಕ್ರೈಂ ಇಷ್ಟ.

ಎಲ್ಲರಿಗೂ ಕ್ರೈಂ ಇಷ್ಟ, ಇಲ್ಲ ರಾಜಕೀಯ. ಹಾಸನದಲ್ಲಿ ರಾಜಕೀಯ ವರದಿಗಾರಿಕೆಯನ್ನು ಹೊಸಬರಿಗೆ ಯಾರೂ ಕೊಡುವುದಿಲ್ಲ, ಅದರ ಆಸೆ ಬಿಡಿ. ಬ್ಯೂರೊದಲ್ಲಿ ಯಾರೂ ಮನಸ್ಸಿಟ್ಟು ನೋಡದ ವಿಷಯ ಯಾವುದು ಅಂತ ಡೆಸ್ಕಿನಲ್ಲಿ ಕೂತವರಿಗೆ ಗೊತ್ತಿರುತ್ತದೆ. ಯಾವ ಸುದ್ದಿಯೆಲ್ಲ ಬರೀ ಪ್ರಕಟಣೆಯಿಂದ ಬರುತ್ತದೆ ನೋಡಿ, ಅದೇ ಆ ವಿಷಯ. ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆ ಬರುತ್ತಲೇ ಇರುತ್ತದೆ, ಅದು ಯಾಕೆ ಏರಿತು ಯಾಕೆ ಇಳಿಯಿತು ಅಂತ ಎಷ್ಟು ಸಲ ಓದಿದ್ದೀರಿ?

ಮಲೆನಾಡಿನ ತಾಲ್ಲೂಕು ಕೇಳುವುದಾದರೆ ಒಂದು ಮಾತು. ಸಕಲೇಶಪುರ, ಆಲೂರು, ಬೇಲೂರಿನ ಕಾಡಾನೆ ಸುದ್ದಿ, ಮಳೆಗಾಲದಲ್ಲಿ ಶಿರಾಡಿ ಘಾಟಿಯ ಗುಡ್ಡ ಕುಸಿತ, ಇವೆಲ್ಲ ಹೊರಗಿನಿಂದ ಬಹಳ ರೋಮಾಂಚನ ಅನ್ನಿಸುತ್ತವೆ. ಅಲ್ಲಿ ಆಗಲೇ ಒಬ್ಬ ತಾಲ್ಲೂಕು ವರದಿಗಾರರು ಇರುತ್ತಾರೆ. ಬಹಳ ಸಲ ಅರೆಕಾಲಿಕ, ಅಂಗಡಿಯೋ ತೋಟವೋ ನೋಡಿಕೊಂಡು ಬರೆಯುವವರು. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರಿಗಿಂತ ಮೊದಲು ಅವರ ಫೋನಿಗೆ ಬಂದಿರುತ್ತದೆ. "ಅಲ್ಲಿನ ಸುದ್ದಿ ಸರಿಯಾಗಿ ಬರುತ್ತಿಲ್ಲ, ನಾನು ಹೋದರೆ ಸರಿಮಾಡುತ್ತೇನೆ" ಅನ್ನುವ ಅರ್ಥ ಬರುವ ಒಂದು ಸಾಲೂ ನಿಮ್ಮ ಪತ್ರದಲ್ಲಿ ಇರಬಾರದು. ಪತ್ರದ ಸುದ್ದಿ ಅವರನ್ನು ತಲುಪದೇ ಇರುವುದಿಲ್ಲ. ನಾಳೆ ಅವರ ಸಹಾಯ ಇಲ್ಲದೆ ಆ ತೋಟಗಳ ಗೇಟು ಕೂಡ ನಿಮಗೆ ತೆರೆಯುವುದಿಲ್ಲ.

ಚಿಕ್ಕಮಗಳೂರಿನಲ್ಲೂ ಹೀಗೇ. ಮೂಡಿಗೆರೆಯ ಕಾಫಿ, ಕೊಪ್ಪ ಶೃಂಗೇರಿಯ ಅಡಿಕೆ ಹಳದಿ ಎಲೆ ರೋಗ, ಕಡೂರಿನ ಒಣಭೂಮಿ. ಒಂದೇ ಜಿಲ್ಲೆ, ಮೂರು ಲೋಕ. ಇಡೀ ಜಿಲ್ಲೆ ಬೇಕು ಅನ್ನಬೇಡಿ, ಒಂದನ್ನು ಹಿಡಿದು ಕೇಳಿ.

"ಹುಡುಗಿ, ರಾತ್ರಿ ಓಡಾಟ, ಬೇಡ" ಅಂತಾರೆ. ಪತ್ರದಲ್ಲಿ ಅದಕ್ಕೆ ಉತ್ತರ ಬರೆಯಬೇಕಾ?

ಬರೆಯಬೇಡಿ. ಅವರು ಕೇಳದ ಪ್ರಶ್ನೆಗೆ ನೀವೇ ಉತ್ತರ ಕೊಟ್ಟರೆ ಅದು ಪ್ರಶ್ನೆಯಾಗಿ ನಿಂತುಬಿಡುತ್ತದೆ. "ಎಷ್ಟು ಹೊತ್ತಿಗಾದರೂ ಎಲ್ಲಿಗಾದರೂ ಹೋಗುತ್ತೇನೆ" ಅಂತ ಬರೆದುಕೊಡುವುದಂತೂ ಬೇಡವೇ ಬೇಡ, ಗಂಡುಹುಡುಗರು ಹಾಗೆ ಬರೆದುಕೊಟ್ಟಿದ್ದನ್ನು ನಾನು ನೋಡಿಲ್ಲ.

ಎದುರು ಕೂತಾಗ ಕೇಳಿದರೆ ಲೆಕ್ಕದ ಮಾತಾಡಿ. ಡೆಸ್ಕಿನವರು ಮನೆಗೆ ಹೋಗುವುದೇ ರಾತ್ರಿ ಹನ್ನೊಂದರ ಮೇಲೆ. ಎರಡೂವರೆ ವರ್ಷ ಆ ಹೊತ್ತಿಗೆ ಓಡಾಡಿದವಳ ಬಗ್ಗೆ ಆಗ ಯಾರೂ ಚಿಂತೆ ಮಾಡಲಿಲ್ಲ, ಅಲ್ವಾ? ನಮ್ಮ ಹುಡುಗಿ ಇದನ್ನೇ ಹೇಳಿದಳು, ನಗುತ್ತಲೇ. ಸಂಪಾದಕರ ಹತ್ತಿರ ಮಾತಿರಲಿಲ್ಲ. ಆಮೇಲೆ ಅವಳು ಕೇಳಿದ್ದು ಒಂದೇ: ದೂರದ ಘಟನೆಗೆ ರಾತ್ರಿ ಹೋಗಬೇಕಾದಾಗ ಫೋಟೊಗ್ರಾಫರ್ ಜೊತೆ ಆಫೀಸ್ ಗಾಡಿ ಕೊಡಬೇಕು ಅಂತ. ಅದು ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಬೇಕಾಗಿದ್ದ ಸೌಲಭ್ಯ.

ಸಂಬಳ, ಪೆಟ್ರೋಲ್ ಖರ್ಚಿನ ಬಗ್ಗೆ ಪತ್ರದಲ್ಲೇ ಕೇಳಲಾ?

ಪತ್ರದಲ್ಲಿ ಬೇಡ. ಒಪ್ಪಿಗೆ ಕೊಟ್ಟ ದಿನ, ಆದೇಶ ಕೈಗೆ ಬರುವ ಮೊದಲು ಕೇಳಿ. ಸಂಕೋಚ ಬೇಡ. ಹಾಸನದಿಂದ ಸಕಲೇಶಪುರ, ಬೇಲೂರು, ಚನ್ನರಾಯಪಟ್ಟಣ, ಯಾವುದಕ್ಕೇ ಹೋದರೂ ಸುಮಾರು 40 ಕಿಲೋಮೀಟರ್. ಹೋಗಿಬರುವುದು 80. ವಾರಕ್ಕೆ ಮೂರು ಸಲ ಅಂದರೆ ತಿಂಗಳಿಗೆ ಸಾವಿರ ಕಿಲೋಮೀಟರ್ ಹತ್ತಿರ. ನಿಮ್ಮ ಬೈಕ್ ಎಷ್ಟು ಕೊಡುತ್ತದೆ ಅಂತ ಭಾಗಿಸಿ ನೋಡಿ. ತಿಂಗಳಿಗೆ ಇಷ್ಟು ಅಂತ ಕೊಡುತ್ತಾರಾ, ಕಿಲೋಮೀಟರ್ ಲೆಕ್ಕವಾ, ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ, ಇಷ್ಟು ಗೊತ್ತಾದರೆ ಸಾಕು.

ಪತ್ರ ಯಾವಾಗ ಕೊಡಬೇಕು? ಉತ್ತರ ಬರದಿದ್ರೆ?

ನನ್ನದೇ ಕಥೆ ಹೇಳುತ್ತೇನೆ. ನಾನು ಪತ್ರ ಕೊಟ್ಟದ್ದು ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದ ವಾರ. ವರ್ಷಕ್ಕೊಮ್ಮೆ ತೆರೆದು ದೀಪಾವಳಿ ಆಸುಪಾಸಿಗೆ ಮುಚ್ಚುವ ಬಾಗಿಲು. ಆ ದಿನಗಳಲ್ಲಿ ದರ್ಶನದ ಸಾಲು, ವಿಐಪಿ ಗದ್ದಲ, ಮೇಲೆ ದೀಪಾವಳಿ ಪುರವಣಿ, ಜಾಹೀರಾತಿನ ಪುಟಗಳು. ಸಂಪಾದಕರು ನನ್ನ ಮುಖ ನೋಡಿ, "ಆಯ್ತು ಇಡು" ಅಂದರು. ಇಟ್ಟೆ. ಅದರ ಮೇಲೆ ಯಾರದೋ ಪುರವಣಿ ಡಮ್ಮಿ ಬಂದು ಕೂತಿತು. ಫೆಬ್ರುವರಿಯಲ್ಲಿ ಕೇಳಿದಾಗ "ಯಾವ ಪತ್ರ?" ಅಂದರು. ನಾಲ್ಕು ತಿಂಗಳು ಹೋಯಿತು.

ಚುನಾವಣೆ, ಹಾಸನಾಂಬ, ದೀಪಾವಳಿ, ಮಳೆ ಜೋರಾದ ಜುಲೈ, ಇವು ಬೇಡ. ಡಿಸೆಂಬರ್, ಜನವರಿ ಪರವಾಗಿಲ್ಲ. ವಾರದಲ್ಲಿ ಮಂಗಳವಾರ ಬುಧವಾರ, ಹೊತ್ತು ಮಧ್ಯಾಹ್ನ ಮೂರರಿಂದ ನಾಲ್ಕು. ಸಂಜೆ ಮೀಟಿಂಗ್ ಆದ ಮೇಲೆ ಯಾರ ಕೈಗೆ ಏನು ಕೊಟ್ಟರೂ ಅದು ನಾಳೆಗೆ ಹೋಗುತ್ತದೆ. ಕಾಗದ ಕೈಗೆ ಕೊಟ್ಟು ಅದನ್ನೇ ಮೇಲ್ ಕೂಡ ಮಾಡಿ, ಆಗ ತಾರೀಖು ಉಳಿಯುತ್ತದೆ. ಒಂದು ತಿಂಗಳು ಸುಮ್ನೆ ಇರಿ. ಆಮೇಲೆ ಹೊಸ ವರದಿ ಒಂದನ್ನು ಹಿಡಿದುಕೊಂಡು ಹೋಗಿ ಅದರ ನೆಪದಲ್ಲಿ ಪತ್ರದ ಮಾತು ತೆಗೆಯಿರಿ. ಬರೀ ನೆನಪಿಸಲು ಹೋದರೆ ಅವರಿಗೂ ಕಸಿವಿಸಿ, ನಿಮಗೂ.

"ಇಲ್ಲ, ಆಗಲ್ಲ" ಅಂದುಬಿಟ್ರೆ?

ಕಾರಣ ಕೇಳಿ. "ಜಾಗ ಇಲ್ಲ" ಅಂದರೆ ಅದು ಕಾಯುವ ಮಾತು. "ಡೆಸ್ಕಿಗೆ ನೀನು ಬೇಕು" ಅಂದರೆ ನಿಮ್ಮ ಮೂರನೇ ಪ್ಯಾರಾ ಗಟ್ಟಿಯಾಗಿರಲಿಲ್ಲ ಅಂತ. ಆಗ ವಾರಕ್ಕೆ ಒಂದು ದಿನ ಕೇಳಿ: ಮಧ್ಯಾಹ್ನದವರೆಗೆ ಫೀಲ್ಡು, ಸಂಜೆ ಡೆಸ್ಕು. ಬಹಳ ಸಂಪಾದಕರು ಇದಕ್ಕೆ ಒಪ್ಪುತ್ತಾರೆ, ಯಾಕೆಂದರೆ ಅವರಿಗೆ ಬಿಟ್ಟಿ ವರದಿ ಸಿಗುತ್ತದೆ. ಇದು ಆರು ತಿಂಗಳಿಗಿಂತ ಹೆಚ್ಚು ಎಳೆದರೆ ನಿಮ್ಮನ್ನು ಬಳಸಿಕೊಳ್ಳುತ್ತಿದ್ದಾರೆ ಅಂತಲೇ ತಿಳಿಯಿರಿ. "ನಿನ್ನ ಕೈಲಿ ಆಗಲ್ಲ" ಅಂದರೆ ಯಾವ ಕಾಪಿ ನೋಡಿ ಹಾಗನ್ನಿಸಿತು ಅಂತ ಕೇಳಿ. ಯಾವುದನ್ನೂ ನೋಡದೆ ಹೇಳಿದ್ದರೆ, ಬೇರೆ ಪತ್ರಿಕೆಗೆ ಅರ್ಜಿ ಹಾಕುವ ಹೊತ್ತಾಗಿದೆ.

ಫೀಲ್ಡಿಗೆ ಹೋದ ಮೇಲೆ ಡೆಸ್ಕಿನಿಂದ ಬಂದವರು ಎಡವೋದು ಎಲ್ಲಿ?

ತಲೆಬರಹ ಮೊದಲೇ ಯೋಚಿಸಿಕೊಂಡು ಹೋಗುವುದರಲ್ಲಿ. ಡೆಸ್ಕಿನ ಕೈ ಅದು, ಬಿಡುವುದಿಲ್ಲ. ಬಸ್ಸಿನಲ್ಲೇ "ಆನೆ ದಾಳಿಗೆ ನಲುಗಿದ ಗ್ರಾಮ" ಅಂತ ಬರೆದುಕೊಂಡು ಇಳಿದರೆ ಅಲ್ಲಿ ನಲುಗಿದ್ದು ಮಾತ್ರ ಕಾಣುತ್ತದೆ. ನಮ್ಮ ಹುಡುಗಿ ಸಕಲೇಶಪುರದ ಕಡೆಯ ಒಂದು ಊರಿಗೆ ಹೋದ ಮೊದಲ ಸಲ ಅದೇ ಆಯಿತು. ಭತ್ತದ ಗದ್ದೆ ತುಳಿದಿದ್ದನ್ನು ಚೆನ್ನಾಗಿ ಬರೆದಿದ್ದಳು. ಅದೇ ಊರಿನ ಅರ್ಧ ಜನ ಎರಡು ವರ್ಷದಿಂದ ಗದ್ದೆ ಪಾಳು ಬಿಟ್ಟಿದ್ದಾರೆ ಅನ್ನುವುದು ಅವಳ ನೋಟ್‌ಬುಕ್ಕಿನಲ್ಲಿತ್ತು, ಕಾಪಿಯಲ್ಲಿ ಇರಲಿಲ್ಲ. ಯಾಕೆ ಅಂದರೆ, "ಅದು ಹೆಡ್ಡಿಂಗಿಗೆ ಹೊಂದಲಿಲ್ಲ ಸರ್."

ಇನ್ನೊಂದು ಸಣ್ಣದು. ಮಲೆನಾಡಿನ ಮಳೆಯಲ್ಲಿ ಹಾಳೆ ತೇವವಾದರೆ ಬಾಲ್‌ಪೆನ್ ಬರೆಯುವುದಿಲ್ಲ, ಶಾಯಿ ಪೆನ್ ಬರೆದದ್ದೂ ಹರಡಿಹೋಗುತ್ತದೆ. ಫೋನ್ ತೆರೆಯಲು ಬೆರಳು ಒದ್ದೆ. ಎರಡು ಪೆನ್ಸಿಲ್ ಇಟ್ಟುಕೊಳ್ಳಿ, ಎರಡೂ ಕಡೆ ಚೂಪು ಮಾಡಿ.

ಇಷ್ಟವಾಗದಿದ್ರೆ ವಾಪಸ್ ಡೆಸ್ಕಿಗೆ ಬರಬಹುದಾ?

ಬರಬಹುದು. ಬಂದವರೂ ಇದ್ದಾರೆ. ಮೂರು ತಿಂಗಳ ಪ್ರಯೋಗ ಅಂತ ಪತ್ರದಲ್ಲಿ ಬರೆಸಿದ್ದು ಅದಕ್ಕೂ ಸೇರಿಸಿಯೇ. ನಮ್ಮ ಹುಡುಗಿ ಬರಲಿಲ್ಲ. ಆದರೆ ಆರು ತಿಂಗಳು ಅಂದಿದ್ದ ಕೃಷಿ ಪುಟವನ್ನು ಎರಡು ವರ್ಷ ಅವಳ ಕೈಯಿಂದ ಯಾರೂ ತೆಗೆದುಕೊಳ್ಳಲೇ ಇಲ್ಲ. ಆ ಸಾಲನ್ನು ಬರೆಯುವಾಗ "ಆರು ತಿಂಗಳು ಮಾತ್ರ" ಅಂತ ಹಾಕು ಅಂದಿದ್ದೆ. ಮರ್ಯಾದೆ ಅಲ್ಲ ಅಂತ ಆ ಒಂದು ಪದ ಬಿಟ್ಟಿದ್ದಳು.